ತೀರ್ಥ ತುಂಬಿದ ಕೂಲರ್

ಕುಲಶೇಖರದಲ್ಲಿ ಅಲ್ಫೋನ್ಸರನ್ನು ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. ಚರ್ಚಿನಿಂದ ಸ್ವಲ್ಪ ಕೆಳಗೆ, ರಸ್ತೆಗೆ ಮುಖ ಮಾಡಿದ ಒಂದೇ ಬಾಗಿಲಿನ ಅಂಗಡಿ. ಮಿಕ್ಸಿ, ಫ್ಯಾನ್, ಪಂಪು, ಗ್ರೈಂಡರ್ ಎಲ್ಲವೂ ಅಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತವೆ. ಮಸ್ಕತ್ತಿನ ಆಚೆಯ ಮರಳುಗಾಡಿನಲ್ಲಿ ಹದಿನಾಲ್ಕು ವರ್ಷ ದೊಡ್ಡ ದೊಡ್ಡ ಕೂಲರುಗಳ ರಿಪೇರಿ ಮಾಡಿ ಬಂದ ಮನುಷ್ಯ. ಊರಿಗೆ ಬಂದ ಮೇಲೆ ಯಾರಾದರೂ ಕೂಲರ್ ತೆಗೆದುಕೊಳ್ಳಲು ಸಲಹೆ ಕೇಳಿದರೆ ಅವರಿಗೆ ಸಿಟ್ಟೇ ಬರುತ್ತಿತ್ತು. "ಅಲ್ಲಿಯ ಗಾಳಿ ಒಣಗಿದ ಹಪ್ಪಳ. ನೀರು ಕಂಡರೆ ಹೀರುತ್ತದೆ, ತಂಪಾಗುತ್ತದೆ. ನಮ್ಮ ಮಂಗಳೂರಿನ ಗಾಳಿಯೇ ಒದ್ದೆ ಮಾರಾಯ್ರೆ, ಇದಕ್ಕೆ ಮತ್ತೆ ಎಂತ ನೀರು ಕುಡಿಸುವುದು?" ಎಂದು ಬೈದೇ ಕಳಿಸುತ್ತಿದ್ದರು. ವ್ಯಾಪಾರಕ್ಕೆ ಹೇಳಿ ಮಾಡಿಸಿದ ಬಾಯಿ ಅಲ್ಲ ಅದು.

ಬೈದರೂ ಬಿಡದ ಗಿರಾಕಿ ಒಂದು ಮನೆಯವರಿದ್ದರು, ಉಪಾಧ್ಯರು. ಮಗ ಸುಘೋಷ ಬ್ಯಾಂಕಿನಲ್ಲಿ. ಬಳ್ಳಾರಿಯಲ್ಲಿದ್ದಾಗ ಕೊಂಡ ತಗಡಿನ ಕೂಲರನ್ನು ವರ್ಗವಾಗಿ ಬರುವಾಗ ಲಾರಿಯಲ್ಲಿ ಹಾಕಿಕೊಂಡು ಬಂದಿದ್ದ. ತಂದೆ ಹೃಷೀಕೇಶ ಉಪಾಧ್ಯರು ದೇವಸ್ಥಾನದ ಅರ್ಚಕರು. ಬಾಗಿಲು ಮುಚ್ಚಿದ ಎಸಿ ಕೋಣೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಅವರ ಮಲಗುವ ಕೋಣೆಯ ಪಡುವಣ ಕಿಟಕಿಗೆ ಹೊರಗಿನಿಂದ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಆ ಕೂಲರನ್ನು ಕೂರಿಸಿದವರು ಇದೇ ಅಲ್ಫೋನ್ಸರು. ಮೂರು ಬದಿ ನೀರು ಹೀರುವ, ಹುಲ್ಲಿನಂಥ ಮರದ ಎಳೆಗಳ ಪ್ಯಾಡು, ಕೆಳಗೆ ನೀರಿನ ಟ್ಯಾಂಕಿ, ಮುಖ ಮಾತ್ರ ಕೋಣೆಯೊಳಗೆ.

ಕಳೆದ ಮೇ ತಿಂಗಳಲ್ಲಿ ಉಪಾಧ್ಯರು ತೀರಿಕೊಂಡರು. ಶ್ವಾಸಕೋಶದ ಸೋಂಕು ಎಂದರು. ಅತ್ತಾವರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಸುದ್ದಿ ಕೇಳಿಯೂ ಅಲ್ಫೋನ್ಸರು ಆ ಮನೆಗೆ ಹೋಗಲಿಲ್ಲ. ಹೆಂಡತಿ ಆನಿ ಎರಡು ಸಲ ಕೇಳಿದರು, "ಅಷ್ಟು ವರ್ಷದ ಪರಿಚಯ, ಹೋಗಿ ಒಂದು ಮುಖ ತೋರಿಸಿ ಬರ್ಲಿಕ್ಕೆ ಎಂತ ಕಷ್ಟ ನಿಮಗೆ?" ಅಲ್ಫೋನ್ಸರು ಮಂಡಿನೋವಿನ ನೆಪ ಹೇಳಿದರು. ಮಂಡಿ ಚೆನ್ನಾಗಿಯೇ ಇತ್ತು.

ಈ ವರ್ಷ ಫೆಬ್ರವರಿಯ ಒಂದು ಶನಿವಾರ, ಹೊರಗೆ ಬಿಸಿಲು ಆಗಲೇ ಬೆನ್ನು ಸುಡಲು ಶುರುವಾಗಿತ್ತು. ಉಪಾಧ್ಯರ ಸೊಸೆ ಶ್ರೀಲಕ್ಷ್ಮಿ ಟೀಚರ್ ಫೋನ್ ಮಾಡಿದರು. ಸ್ವರ ತಗ್ಗಿಸಿ ಮಾತಾಡುತ್ತಿದ್ದರು.

"ಅಲ್ಫೋನ್ಸರೇ, ಒಮ್ಮೆ ಬರ್ತೀರಾ? ಆ ಕೂಲರ್ ಉಂಟಲ್ಲ, ಅದು ಉಸಿರಾಡ್ತದೆ."

"ಎಂತ? ಕರೆಂಟ್ ಶಾಕ್ ಕೊಡ್ತದಾ?"

"ಇಲ್ಲ. ಪ್ಲಗ್ ನಾನೇ ತೆಗೆದಿಟ್ಟು ಎರಡು ದಿನ ಆಯ್ತು. ಆದ್ರೂ ಮಧ್ಯಾಹ್ನ ಆದ ಕೂಡಲೇ ಉಸಿರಾಡ್ತದೆ. ಮಾವ ಕೊನೆಗೆ ಉಸಿರಾಡ್ತಿದ್ದರಲ್ಲ, ಹಾಗೆಯೇ. ಅತ್ತೆ ಅದರ ಎದುರಿನಿಂದ ಏಳುವುದಿಲ್ಲ. ಕ್ಲೀನ್ ಮಾಡಲಿಕ್ಕೂ ಬಿಡುವುದಿಲ್ಲ. ಅವರಿಗೆ ಹತ್ತು ದಿನದಿಂದ ಕೆಮ್ಮು."

ಕೆಮ್ಮು ಎಂಬ ಮಾತು ಕೇಳಿದ್ದೇ ಅಲ್ಫೋನ್ಸರ ಕೈ ಸ್ಕ್ರೂಡ್ರೈವರಿನ ಮೇಲೆ ನಿಂತಿತು. ಅವರನ್ನು ಹೆದರಿಸಿದ್ದು ದೆವ್ವವಲ್ಲ. ಹಿಂದಿನ ಮಾರ್ಚಿನಲ್ಲಿ ಆ ಟ್ಯಾಂಕಿಯೊಳಗೆ ತಾವು ನೋಡಿದ್ದೇನು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ದೇವಸ್ಥಾನದಿಂದ ತಂದ ಕಲಶದ ನೀರು, ಅಭಿಷೇಕದ ತೀರ್ಥ, ಕುಡಿದು ಮಿಕ್ಕಿದ್ದನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು. ಕೂಲರ್ ಬಂದ ಮೇಲೆ ಉಪಾಧ್ಯರಿಗೆ ಒಂದು ಯೋಚನೆ ಹೊಳೆಯಿತು. ತೀರ್ಥವನ್ನು ಅದರ ಟ್ಯಾಂಕಿಗೆ ಹಾಕಿದರೆ ಕೋಣೆಯ ಗಾಳಿಯೇ ಪವಿತ್ರ. ದಿನವೂ ಒಂದು ತಂಬಿಗೆ ತೀರ್ಥ, ತುಳಸಿ ಎಸಳು, ಗಂಧದ ಚೂರು ಸಮೇತ ಅದರೊಳಗೆ ಬೀಳತೊಡಗಿತು. ಒಮ್ಮೆ ತೀರ್ಥ ಸೇರಿದ ಮೇಲೆ ಆ ಟ್ಯಾಂಕಿಯ ನೀರೆಲ್ಲ ತೀರ್ಥವೇ ತಾನೆ? ತಳದ ಬಿರಡೆ ತೆಗೆದರೆ ನೀರು ಬೀಳುವುದು ಬಚ್ಚಲ ಚರಂಡಿಗೆ. ಹಾಗಾಗಿ ಮೂರು ವರ್ಷ ಆ ಬಿರಡೆಯನ್ನು ಯಾರೂ ತೆಗೆಯಲಿಲ್ಲ. ನೀರು ಕಡಿಮೆಯಾದ ಹಾಗೆ ಬೋರ್‌ವೆಲ್ಲಿನ ನೀರು ತಾನಾಗಿ ಬಂದು ತುಂಬುತ್ತಿತ್ತು, ಅಷ್ಟೆ.

ಹಿಂದಿನ ಮಾರ್ಚಿನಲ್ಲಿ ಪಂಪು ಕೆಟ್ಟಿದೆ ಎಂದು ಕರೆದಾಗ ಅಲ್ಫೋನ್ಸರು ಕೈ ಹಾಕಿದ್ದರು. ಮೊಣಕೈವರೆಗೆ ಲೋಳೆ. "ಸ್ವಾಮೀ, ಇದನ್ನು ಖಾಲಿ ಮಾಡಿ ಉಜ್ಜಬೇಕು," ಎಂದರು. "ತೀರ್ಥ ಉಂಟು ಅದರಲ್ಲಿ. ಚೆಲ್ಲುವ ಹಾಗಿಲ್ಲ," ಎಂದರು ಉಪಾಧ್ಯರು. ಇನ್ನೊಂದು ಮಾತು ಹೇಳಬೇಕಿತ್ತು. ಮಸ್ಕತ್ತಿನಲ್ಲಿ ಇಂಥ ಟ್ಯಾಂಕಿಯ ನೀರಿನಿಂದ ಎದೆಗೆ ರೋಗ ಹತ್ತಿ ಇಬ್ಬರು ಮಲಗಿದ್ದನ್ನು ಕಣ್ಣಾರೆ ಕಂಡವರು ಅವರು. ಆದರೆ ಬೇರೆಯವರ ದೇವರ ವಿಷಯಕ್ಕೆ ನಾನ್ಯಾಕೆ ತಲೆ ಹಾಕಲಿ ಎಂದುಕೊಂಡರು. ಊಟದ ಹೊತ್ತೂ ಮೀರಿತ್ತು. ಪಂಪು ಬದಲಿಸಿ, ನಾತ ಹೊಡೆಯದ ಹಾಗೆ ಸ್ವಲ್ಪ ಲಾವಂಚದ ಅತ್ತರು ಸುರಿದು ಮನೆಗೆ ಹೋದರು. ಎರಡು ತಿಂಗಳ ಮೇಲೆ ಸಾವಿನ ಸುದ್ದಿ ಬಂತು.

ಈ ಶನಿವಾರ ಅಲ್ಫೋನ್ಸರು ಆ ಕೋಣೆಗೆ ಕಾಲಿಟ್ಟಾಗ ಸುಮಾರು ಎರಡು ಗಂಟೆ. ಹಗಲಿದ್ದರೂ ಒಳಗೆ ಮಬ್ಬು. ಕಿಟಕಿಯನ್ನೆಲ್ಲ ಕೂಲರೇ ನುಂಗಿತ್ತು. ಗೋಡೆಯ ಸುಣ್ಣ ಬೆವರಿದಂತಿತ್ತು. ಉಪಾಧ್ಯರ ಮಂಚ ಹಾಗೆಯೇ ಇತ್ತು, ಚಾದರ ಮಡಚಿಟ್ಟಿತ್ತು. ಮಂಚಕ್ಕೂ ಕೂಲರಿಗೂ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಹೆಂಡತಿ ವಾರಿಜಮ್ಮ ಕೂತಿದ್ದರು. ಎಪ್ಪತ್ತೆರಡರ ಪುಟ್ಟ ಜೀವ. ಮುಖವನ್ನು ಕೂಲರಿನ ಜಾಲರಿಗೆ ಒಂದು ಗೇಣು ದೂರದಲ್ಲಿ ಇಟ್ಟುಕೊಂಡಿದ್ದರು.

"ಬಂದಿರಾ ಪೊರ್ಬುಳೇ," ಎಂದರು, ತಿರುಗಿಯೂ ನೋಡದೆ. ಕ್ರೈಸ್ತರನ್ನು ತುಳುವರು ಮರ್ಯಾದೆಯಿಂದ ಕರೆಯುವ ಹೆಸರು ಅದು. "ಸ್ವಲ್ಪ ಕೂತುಕೊಳ್ಳಿ. ಈಗ ಬರ್ತಾರೆ."

ಟೀಚರ್ ಬಾಗಿಲಲ್ಲೇ ನಿಂತರು. ಆಮೇಲೆ ಹೊರಗಿನ ತೆಂಗಿನ ಗರಿಗಳು ಒಮ್ಮೆ ಸರಕ್ಕೆಂದವು, ಮತ್ತು ಪ್ಲಗ್ಗಿಲ್ಲದ ಆ ಕೂಲರಿನ ರೆಕ್ಕೆ ಮೆಲ್ಲಗೆ, ತೀರಾ ಮೆಲ್ಲಗೆ, ತಿರುಗತೊಡಗಿತು. ಒಳಗಿನಿಂದ ಒಂದು ಉದ್ದನೆಯ ಉಸಿರು ಬಂತು. ಹ್ಹೂ... ನಿಂತಿತು. ಗುಳುಕ್ ಎಂದು ಏನೋ ನುಂಗಿದಂತಾಯಿತು. ಮತ್ತೆ ಹ್ಹೂ... ಅದರ ಹಿಂದೆಯೇ ಗೊರ ಗೊರ ಎಂಬ ಸಣ್ಣ ಕಫದ ಸದ್ದು. ಕೊಳೆತ ಎಲೆ, ಗಂಧ, ಹಳೆಯ ಹಾಸಿಗೆ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಅಲ್ಫೋನ್ಸರು ಶಿಲುಬೆಯ ಗುರುತು ಹಾಕಿಕೊಳ್ಳಲು ಹೋದ ಕೈಯನ್ನು ಟೀಚರ್ ಎದುರು ನಾಚಿಕೆಯಾಗಿ ಹಾಗೇ ಕೆಳಗಿಳಿಸಿದರು.

"ಕೇಳಿತಾ?" ಎಂದರು ವಾರಿಜಮ್ಮ. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಹೊಸ ಮದುಮಗಳ ನಗು ಇತ್ತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

ಮೆಕ್ಯಾನಿಕ್ಕಿನ ತಲೆ ಹೆದರಿದರೂ ಕೆಲಸ ನಿಲ್ಲಿಸುವುದಿಲ್ಲ. ಅಲ್ಫೋನ್ಸರು ಹಿತ್ತಲಿಗೆ ಹೋಗಿ ಒಂದು ಸುತ್ತು ಬಂದರು. ಪಡುವಣ ಗಾಳಿ, ಕಡಲಿನದು, ದಿನವೂ ಇದೇ ಹೊತ್ತಿಗೆ ಏಳುತ್ತದೆ. ಪ್ಯಾಡುಗಳು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಹಲಗೆಯಂತಾಗಿದ್ದವು. ಅಲ್ಲಲ್ಲಿ ಕುಸಿದು ತೂತು ಬಿದ್ದಿತ್ತು. ಗಾಳಿ ಆ ತೂತುಗಳಲ್ಲಿ ನುಗ್ಗುವಾಗ ಊಳಿಡುತ್ತಿತ್ತು, ಹಗುರ ರೆಕ್ಕೆಯನ್ನು ತಿರುಗಿಸುತ್ತಿತ್ತು. ತೇಲುವ ಚೆಂಡಿಗೆ ಲೋಳೆ ಹಿಡಿದು ನೀರಿನ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಗುಳುಕ್ ಎನ್ನುವುದು ಅಲ್ಲಿಯ ಹನಿ. ಎಲ್ಲವೂ ಲೆಕ್ಕಕ್ಕೆ ಸಿಕ್ಕಿತು. ಆ ಗೊರ ಗೊರ ಸದ್ದು ಮಾತ್ರ ಎಲ್ಲಿಯದು ಎಂದು ತಿಳಿಯಲಿಲ್ಲ. ಲೋಳೆಯಲ್ಲಿ ಗುಳ್ಳೆ ಏಳುತ್ತಿರಬೇಕು ಎಂದುಕೊಂಡರು.

ಒಳಗೆ ಬಂದು ಎಲ್ಲ ಬಿಡಿಸಿ ಹೇಳಿದರು. ವಾರಿಜಮ್ಮ ಮಕ್ಕಳ ಪಾಠ ಕೇಳುವವರಂತೆ ಕೇಳಿ ತಲೆಯಾಡಿಸಿದರು.

"ಗಾಳಿ ಆದ್ರೆ ಆಗ್ಲಿ. ಅವರು ಬರ್ಲಿಕ್ಕೆ ಎಂತಾದ್ರೂ ಒಂದು ಬೇಕಲ್ಲ. ಸಂಕ್ರಾಂತಿ ಕಳೆದ ಮೇಲೆ ದಿನಾ ಸ್ವಿಚ್ ಹಾಕಿ ಕೂತುಕೊಳ್ತಿದ್ದೆ. ಈಗ ಸ್ವಿಚ್ ಇಲ್ಲದೆಯೂ ಬರ್ತಾರೆ. ಅದನ್ನು ತೊಳೆಯುವುದು ಬೇಡ."

ದಿನವೂ ಸ್ವಿಚ್ ಹಾಕಿ! ಆ ನೀರು ಪ್ಯಾಡಿನ ಮೇಲಿಳಿದು, ಆ ಗಾಳಿಯೊಂದಿಗೆ, ಒಂದು ಗೇಣು ದೂರದ ಈ ಮುಖಕ್ಕೆ. ಈ ಸಲವೂ ಬಾಯಿ ಮುಚ್ಚಿಕೊಂಡು ಹೋದರೆ ಇನ್ನೊಂದು ಜೀವ ಹೋಗುತ್ತದೆ, ಅದು ಅಲ್ಫೋನ್ಸರಿಗೆ ಖಂಡಿತವಾಗಿತ್ತು.

"ಅಮ್ಮ, ತೀರ್ಥ ಚರಂಡಿಗೆ ಹೋಗ್ತದೆ ಅಂತ ತಾನೇ ನಿಮಗೆ? ನನ್ನ ಹತ್ರ ಹತ್ತಡಿ ಪೈಪ್ ಉಂಟು. ಬಿರಡೆ ತೆಗೆದ ಕಡೆ ಅದನ್ನು ಸಿಕ್ಕಿಸ್ತೇನೆ. ಒಂದು ತೊಟ್ಟು ನೀರೂ ಕಾಲಿಗೆ ಸಿಗದ ಹಾಗೆ ತೆಂಗಿನ ಬುಡಕ್ಕೆ ಬಿಡ್ತೇನೆ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ಹತ್ತಡಿ ಪೈಪು. ಹಿಂದಿನ ವರ್ಷವೂ ಅದು ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

ವಾರಿಜಮ್ಮ ಸ್ವಲ್ಪ ಸಡಿಲಾದರು. "ತೊಳೆದ ಮೇಲೆ ಅವರು ಹೋದರೆ?"

"ನೀರು ಬದಲಾಯಿಸಿದ್ದಕ್ಕೆ ಹೆಂಡತಿಯನ್ನು ಬಿಟ್ಟು ಹೋಗುವ ಜನವಾ ಉಪಾಧ್ಯರು? ಅವರೇ ಆಗಿದ್ದರೆ ತೊಳೆದ ಮೇಲೂ ಇರ್ತಾರೆ."

ತಮಾಷೆಗೆ, ಕೆಲಸ ಆಗಲಿ ಎಂದು ಆಡಿದ ಮಾತು. ವಾರಿಜಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡವರಂತೆ ಎದ್ದು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಅಲ್ಫೋನ್ಸರು ಟೀಚರಿಂದ ಕೊರೊನಾ ಕಾಲದ ಗಟ್ಟಿ ಮಾಸ್ಕು ಕೇಳಿ ಹಾಕಿಕೊಂಡರು, ಕೈಗೆ ರಬ್ಬರಿನ ಗವಸು. ಕೂಲರಿನ ಮುಖಕ್ಕೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ, ಇಬ್ಬರನ್ನೂ ಹಜಾರಕ್ಕೆ ಕಳಿಸಿದರು. ನೀರು ಬರುವ ನಲ್ಲಿ ನಿಲ್ಲಿಸಿ, ಪೈಪು ಸಿಕ್ಕಿಸಿದರು. ಮೂರು ವರ್ಷದ ತೀರ್ಥ ಮೊದಲು ಕಪ್ಪಗೆ, ಆಮೇಲೆ ಹಸಿರಾಗಿ, ಕೊನೆಗೆ ಜೊಲ್ಲಿನಂತೆ ಎಳೆ ಎಳೆಯಾಗಿ ತೆಂಗಿನ ಬುಡಕ್ಕೆ ಇಳಿಯಿತು. ಸೊಳ್ಳೆಮರಿಗಳು ಮಣ್ಣಿನ ಮೇಲೆ ಮಿಡುಕಾಡಿದವು. ಟ್ಯಾಂಕಿಯ ತಳದಲ್ಲಿ ತುಳಸಿ ಎಸಳುಗಳು ಕೊಳೆತು ಒಂದು ದಪ್ಪ ಪದರವಾಗಿದ್ದವು. ಅದನ್ನು ಎತ್ತಿದಾಗ ಕೈಯಲ್ಲಿ ಅದು ಬೆಚ್ಚಗಿತ್ತು. ಬಿಸಿಲಿಗೆ ತಗಡು ಕಾದಿದೆ, ಬೆಚ್ಚಗೇ ಇರುತ್ತದೆ, ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡರು.

ಹಳೆಯ ಪ್ಯಾಡುಗಳನ್ನು ಧೂಳು ಏಳದಂತೆ ಒದ್ದೆ ಮಾಡಿ ಬಿಚ್ಚಿ ಗೋಣಿಗೆ ತುಂಬಿದರು. ಪ್ಯಾಡಿನ ಮೇಲೆ ನೀರು ಹಂಚುವ ದೋಣಿಯ ತೂತುಗಳೆಲ್ಲ ಸುಣ್ಣದಿಂದ ಮುಚ್ಚಿದ್ದವು. ಅದನ್ನೂ ಪಂಪಿನ ಜಾಲರಿಯನ್ನೂ ಬೇರೆ ಬಕೆಟ್ಟಿನಲ್ಲಿ ವಿನೆಗರ್ ನೀರಿಗೆ ಹಾಕಿ ದೂರ ಇಟ್ಟರು. ಬ್ಲೀಚಿಂಗ್ ಪೌಡರಿಗೂ ವಿನೆಗರಿಗೂ ಆಗಿ ಬರುವುದಿಲ್ಲ, ಸೇರಿದರೆ ವಿಷದ ಗಾಳಿ. ಟ್ಯಾಂಕಿಯನ್ನು ಸೋಪು ಹಾಕಿ ಮೂಲೆ ಮೂಲೆ ಉಜ್ಜಿದರು. ಲೋಳೆ ಹೋದ ಮೇಲೆ ಬ್ಲೀಚಿಂಗ್ ನೀರು ತುಂಬಿ ಅರ್ಧ ಗಂಟೆ ಬಿಟ್ಟರು. ಆ ನೀರು ತೆಂಗಿಗೆ ಬೇಡ, ತೀರ್ಥವೂ ಅಲ್ಲ, ಅದನ್ನು ಚರಂಡಿಗೇ ಬಿಟ್ಟು ಮೂರು ಸಲ ತೊಳೆದರು. ಅಂಗಡಿಯಿಂದ ತಂದಿದ್ದ ಹೊಸ ಪ್ಯಾಡುಗಳನ್ನು ಒಮ್ಮೆ ನೀರಲ್ಲಿ ಅದ್ದಿ ತೆಗೆದು ಕೂರಿಸಿದರು. ಇಷ್ಟು ಶ್ರದ್ಧೆಯಿಂದ ಅವರು ತಮ್ಮ ಮಗಳ ಮದುವೆಯ ಕೆಲಸವನ್ನೂ ಮಾಡಿರಲಿಲ್ಲ.

ನಾಲ್ಕೂವರೆ ಆಗಿತ್ತು. ಪ್ಲಾಸ್ಟಿಕ್ ಹಾಳೆ ಬಿಚ್ಚಿದರು. ವಾರಿಜಮ್ಮ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಗಾಳಿ ಜೋರಾಗಿಯೇ ಇತ್ತು; ರೆಕ್ಕೆ ಸದ್ದಿಲ್ಲದೆ ತಿರುಗುತ್ತಿತ್ತು. ಹ್ಹೂ ಎಂಬುದಿಲ್ಲ. ಗುಳುಕ್ ಎಂಬುದಿಲ್ಲ. ಹೊಸ ಹುಲ್ಲಿನ ವಾಸನೆ ಮಾತ್ರ. ಟೀಚರ್ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಅದು ಕೇಳಿಸಿತು. ಗೊರ... ಗೊರ... ಸಣ್ಣಗೆ, ಹತ್ತಿರದಲ್ಲಿ, ಮೊದಲಿಗಿಂತಲೂ ಸ್ಪಷ್ಟವಾಗಿ.

ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ವಾರಿಜಮ್ಮನ ಕಣ್ಣು ಅರಳಿತು. "ನೀವೇ ಹೇಳಿದ್ದಲ್ಲವಾ ಪೊರ್ಬುಳೇ? ತೊಳೆದ್ರೂ ಹೋಗ್ಲಿಲ್ಲ. ಅವರೇ."

ಆ ಟ್ಯಾಂಕಿಯಲ್ಲಿ ಈಗ ಒಂದು ಹನಿ ನೀರೂ ಇಲ್ಲವೆಂದು ಅಲ್ಫೋನ್ಸರ ಕೈಗೆ ಗೊತ್ತಿತ್ತು. ಜಾಲರಿಯೊಳಗೆ ಕೋಲು ತೂರಿಸಿ ರೆಕ್ಕೆಯನ್ನು ತಡೆದು ನಿಲ್ಲಿಸಿದರು. ಸದ್ದು ನಿಲ್ಲಲಿಲ್ಲ. ಕೂಲರಿಗೆ ಕಿವಿ ಕೊಟ್ಟರು; ಅಲ್ಲಿ ಇಲ್ಲ. ಮೆಲ್ಲಗೆ ಹಿಂದೆ ತಿರುಗಿದರು. ವಾರಿಜಮ್ಮ ಖುಷಿಯಿಂದ ಉಸಿರು ಎಳೆದುಕೊಂಡಾಗ ಸದ್ದು ಏರಿತು, ಬಿಟ್ಟಾಗ ಇಳಿಯಿತು. ಅಲ್ಫೋನ್ಸರು ಮಂಡಿಯೂರಿ ಅವರ ಕೈ ಮುಟ್ಟಿದರು. ಕೈ ಸುಡುತ್ತಿತ್ತು.

"ಟೀಚರ್, ಕಾರು ತೆಗೀರಿ," ಎಂದರು. "ಇದು ಇವರ ಎದೆಯಿಂದ ಬರುವುದು."

ಹೊರಡುವಾಗ ಅವರು ಗೋಣಿಯಿಂದ ಲೋಳೆ ಹಿಡಿದ ಒಂದು ತುಂಡು ಪ್ಯಾಡು ಕಿತ್ತು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡರು.

ಅತ್ತಾವರದ ಆಸ್ಪತ್ರೆಯಲ್ಲಿ ಸಂಚಿತಾ ಎಂಬ ಎಳೆ ವಯಸ್ಸಿನ ಡಾಕ್ಟರು ನೋಡಿದರು. ಎರಡೂ ಬದಿ ನ್ಯುಮೋನಿಯಾ. ಬ್ಯಾಂಕಿನಿಂದ ಓಡಿ ಬಂದ ಸುಘೋಷನೂ ಇದ್ದ. "ಮನೆಯಲ್ಲಿ ಎಸಿ, ಕೂಲರ್, ನೀರಿನ ಟ್ಯಾಂಕ್, ಎಂತಾದ್ರೂ ಉಂಟಾ?" ಎಂದು ಡಾಕ್ಟರು ಕೇಳಿದರು.

"ಕೂಲರ್ ಉಂಟು," ಎಂದ ಸುಘೋಷ. "ಕ್ಲೀನ್ ಉಂಟು. ಇವರೇ ಸರ್ವಿಸ್ ಮಾಡುವುದು."

ಸುಮ್ಮನಿದ್ದರೆ ಆಗುತ್ತಿತ್ತು. ಒಂದು ವರ್ಷ ಸುಮ್ಮನಿದ್ದು ಅಭ್ಯಾಸವೂ ಆಗಿತ್ತು. ಅಲ್ಫೋನ್ಸರು ಚೀಲ ಬಿಚ್ಚಿ ಮೇಜಿನ ಮೇಲಿಟ್ಟರು. "ಕ್ಲೀನ್ ಇವತ್ತು ಮಾತ್ರ ಡಾಕ್ಟ್ರೇ. ಮೂರು ವರ್ಷದ ಲೋಳೆ ಇದು. ಕಳೆದ ವರ್ಷ ಇವರ ತಂದೆ ಮಲಗುವಾಗಲೂ ಇತ್ತು. ನಾನು ನೋಡಿದ್ದೆ. ಅಪಾಯ ಅಂತ ಗೊತ್ತಿತ್ತು. ಹೇಳಲಿಲ್ಲ."

ಸುಘೋಷನ ಮುಖ ಬಿಳಿಚಿತು. ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಡಾಕ್ಟರು ಮಾತ್ರ ಚೀಟಿಯಲ್ಲಿದ್ದ ಮದ್ದಿನ ಹೆಸರು ಹೊಡೆದು ಬೇರೆ ಬರೆದರು. ನೀರಲ್ಲಿ ಬೆಳೆಯುವ ಒಂದು ರೋಗಾಣು ಉಂಟು, ಅದಕ್ಕೆ ಪರೀಕ್ಷೆ ಬೇರೆ, ಮದ್ದೂ ಬೇರೆ, ಇದನ್ನು ಹೇಳಿದ್ದು ಒಳ್ಳೆಯದಾಯಿತು ಎಂದರು. ಆ ಕೊನೆಯ ಮಾತು ಅಲ್ಫೋನ್ಸರಿಗೆ ಸಮಾಧಾನ ಕೊಡಲಿಲ್ಲ.

ಮದ್ದು ಬಂತು, ಹಾಕಿಸಿಕೊಳ್ಳುವವರು ಒಪ್ಪಲಿಲ್ಲ. ವಾರಿಜಮ್ಮ ಸೂಜಿಯನ್ನು ಕಿತ್ತು ಹಾಕಿ, ಆಕ್ಸಿಜನ್ನಿನ ಮುಖವಾಡ ಸರಿಸಿ, ಮಂಚದಿಂದ ಕಾಲು ಇಳಿಬಿಟ್ಟಿದ್ದರು. "ಮನೆಗೆ ಬಿಡಿ. ಅವರು ಅಲ್ಲಿ ಒಬ್ಬರೇ ಇದ್ದಾರೆ. ನಾನು ಬರುವುದನ್ನೇ ಕಾಯುವುದು." ಮಗ ಬೇಡಿಕೊಂಡ, ಸೊಸೆ ಅತ್ತಳು. ನರ್ಸು ಕೈ ಹಿಡಿಯಲು ಹೋದರೆ ಆ ಪುಟ್ಟ ಜೀವದಲ್ಲಿ ಎಲ್ಲಿತ್ತೋ ಅಷ್ಟು ಬಲ. ಅಲ್ಫೋನ್ಸರನ್ನು ಕಂಡದ್ದೇ ಅವರ ಕಡೆ ಬೆರಳು ತೋರಿಸಿದರು. "ಇವರನ್ನು ಕೇಳಿ. ಇವರೇ ಹೇಳಿದ್ದು, ಅವರೇ ಆಗಿದ್ದರೆ ಇರ್ತಾರೆ ಅಂತ. ಸದ್ದು ನಿಲ್ಲಲಿಲ್ಲವಲ್ಲ?"

ಎಲ್ಲರೂ ಅವರನ್ನೇ ನೋಡಿದರು. ಅಲ್ಫೋನ್ಸರು ಮಂಚದ ಹತ್ತಿರ ಹೋದರು. ಅವರಿಗೆ ತಮ್ಮ ನಾಲಗೆಯ ಮೇಲೆಯೇ ಹೇಸಿಗೆಯಾಗಿತ್ತು.

"ಅಮ್ಮ, ಆ ಸದ್ದು ನಿಮ್ಮದು. ನಿಮ್ಮ ಎದೆಯದ್ದು. ಈಗಲೂ ಕೇಳ್ತಾ ಉಂಟು, ನೋಡಿ. ಇಲ್ಲಿ ಕೂಲರ್ ಇಲ್ಲ."

ವಾರಿಜಮ್ಮ ಉಸಿರು ಹಿಡಿದು ಆಲಿಸಿದರು. ಸದ್ದು ನಿಂತಿತು. ತಡೆಯಲಾರದೆ ಬಿಟ್ಟರು. ಗೊರ ಗೊರ ಎಂದಿತು. ಮತ್ತೊಮ್ಮೆ ಹಿಡಿದರು, ಮತ್ತೊಮ್ಮೆ ಬಿಟ್ಟರು.

"ಹಾಗಾದ್ರೆ ಆ ಕೋಣೆಯಲ್ಲಿ ಇಷ್ಟು ದಿನ ಇದ್ದದ್ದು?"

"ನೀವೊಬ್ಬರೇ ಅಮ್ಮ."

ವಾರಿಜಮ್ಮನ ಮುಖದಲ್ಲಿದ್ದ ಮದುಮಗಳು ಹೋಗಿ, ಎಪ್ಪತ್ತೆರಡು ವರ್ಷದ ವಿಧವೆ ಬಂದು ಕೂತಳು. ಆಮೇಲೆ ಇಳಿಬಿಟ್ಟ ಕಾಲನ್ನು ಒಂದೊಂದಾಗಿ ಮೇಲೆತ್ತಿಕೊಂಡು, ನರ್ಸಿನ ಕಡೆ ತಾವಾಗಿಯೇ ಕೈ ಚಾಚಿದರು.